ಬ್ಯಾಗ್ ಎಷ್ಟು ಲೀಟರಿನದು ಅಂತ ಟೇಪ್ ಹಿಡಿದು ತಿಳಿಯುವುದು ಹೇಗೆ?

ಪ್ರಶ್ನೆ: ನನ್ನ ಬ್ಯಾಗಿನ ಮೇಲೆ ಲೀಟರ್ ಬರೆದಿಲ್ಲ. ಅಳೆದು ನೋಡಿದೆ, 50 × 33 × 22 ಸೆಂ.ಮೀ. ಗುಣಿಸಿದರೆ 36 ಲೀಟರ್ ಬರ್ತದೆ, ಅಂಗಡಿಯವರು 25 ಅಂದಿದ್ದರು. ಯಾವುದು ಸರಿ? ಡಿಸೆಂಬರಿನಲ್ಲಿ ಕಾಸರಗೋಡಿನಿಂದ ಸುಳ್ಯ ದಾರಿಯಾಗಿ ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ ಎರಡು ರಾತ್ರಿ ರೂಮಿನಲ್ಲಿ ಉಳಿಯುವುದು, ನಡುವಿನ ದಿನ ತಡಿಯಂಡಮೋಳ್ ಹತ್ತುವುದು. ಇದೊಂದೇ ಬ್ಯಾಗ್ ಸಾಕಾ?

ಎರಡೂ ಸರಿಯಲ್ಲ. ಇಂಥ ಬ್ಯಾಗಿನಲ್ಲಿ ನಿಜವಾಗಿ ಹಿಡಿಯುವುದು 19–21 ಲೀಟರ್ ಇದ್ದೀತು. ನಿಮ್ಮ ಲೆಕ್ಕದ ಸೂತ್ರದಲ್ಲಿ ತಪ್ಪಿಲ್ಲ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಆಳ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಬರುವುದು ಹೌದು. ತಪ್ಪಿರುವುದು ಟೇಪ್ ಹಿಡಿದ ಜಾಗದಲ್ಲಿ. ನೀವು ಅಳೆದದ್ದು ಬ್ಯಾಗಿನ ಹೊರಮೈ. ಆ 22 ಸೆಂ.ಮೀ. ಆಳದಲ್ಲಿ ಬೆನ್ನಿಗೆ ತಾಗುವ ಸ್ಪಂಜು ಸುಮಾರು 2 ಸೆಂ.ಮೀ. ತಿಂದಿರುತ್ತದೆ, ಮುಂದಿನ ಕಿಸೆ ಇನ್ನೆರಡು ಮೂರು. ಮೇಲಾಗಿ ಬ್ಯಾಗ್ ಎಂಬುದು ಬಿಸ್ಕೆಟ್ ಡಬ್ಬದ ಹಾಗೆ ನೇರ ಇರುವುದಿಲ್ಲ. ಬುಡದಲ್ಲಿ ದಪ್ಪ, ತುದಿಗೆ ಹೋದ ಹಾಗೆ ಸಪೂರ.

ಹಾಗಾಗಿ ಒಳಗಿನಿಂದ ಅಳೆಯಿರಿ. ಹಳೇ ಬಟ್ಟೆ, ತಲೆದಿಂಬು ಏನಾದರೂ ತುರುಕಿ ಬ್ಯಾಗನ್ನು ಆಕಾರಕ್ಕೆ ತನ್ನಿ, ಖಾಲಿ ಬ್ಯಾಗ್ ಕುಸಿದು ಸುಳ್ಳು ಅಳತೆ ಕೊಡುತ್ತದೆ. ಎತ್ತರವನ್ನು ಒಳತಳದಿಂದ ಜಿಪ್ ಮುಚ್ಚುವ ಗೆರೆಯವರೆಗೆ ಮಾತ್ರ ಹಿಡಿಯಿರಿ. ಮೇಲಿನ ಹಿಡಿಕೆ, ಗುಮ್ಮಟದ ತುದಿ ಬೇಡ. ಆಳವನ್ನು ಬುಡ, ನಡು, ತುದಿ ಹೀಗೆ ಮೂರು ಕಡೆ ಅಳೆದು ಸರಾಸರಿ ತೆಗೆಯಿರಿ. ನಿಮ್ಮ ಗಾತ್ರದ ಬ್ಯಾಗಿಗೆ ಒಳಎತ್ತರ 46, ಅಗಲ 30, ಆಳ ಬುಡದಲ್ಲಿ 18, ನಡುವಿನಲ್ಲಿ 17, ತುದಿಯಲ್ಲಿ 11 ಬರಬಹುದು ಅಂದುಕೊಳ್ಳೋಣ. ಆಳದ ಸರಾಸರಿ 15.3. ಗುಣಿಸಿದರೆ 21.1 ಲೀಟರ್. ಮೂಲೆಗಳೆಲ್ಲ ಉರುಟಾಗಿರುವುದರಿಂದ ಅದರಲ್ಲಿ ಹತ್ತನೇ ಒಂದು ಪಾಲು ಬಿಟ್ಟುಬಿಡಿ, 19 ಉಳಿಯಿತು.

ಇನ್ನು ಮುಂದಿನ ಕಿಸೆ. ಇಲ್ಲಿ ಹೆಚ್ಚಿನವರು ಮೋಸ ಹೋಗುತ್ತಾರೆ. ಕಿಸೆಗೆ ಸುತ್ತಲೂ ಪಟ್ಟಿಯಿದ್ದು ಅದು ತಾನಾಗಿ ಹೊರಗೆ ಉಬ್ಬುವಂಥದ್ದಾದರೆ ಅದನ್ನು ಬೇರೆಯಾಗಿ ಲೆಕ್ಕಕ್ಕೆ ಸೇರಿಸಬಹುದು: 24 × 22 × 4 ಅಂದರೆ ಹತ್ತಿರ ಹತ್ತಿರ 2 ಲೀಟರ್. ಪಟ್ಟಿಯಿಲ್ಲದೆ ಬರೇ ಒಂದು ಬಟ್ಟೆ ಹೊಲಿದು ಜಿಪ್ ಇಟ್ಟ ಕಿಸೆಯಾದರೆ ಸೊನ್ನೆ ಅಂತಲೇ ಹಿಡಿಯಿರಿ. ಅದರೊಳಗೆ ಹಾಕಿದ್ದು ದೊಡ್ಡ ಕೋಣೆಯ ಜಾಗವನ್ನೇ ಒಳಕ್ಕೆ ದೂಡುತ್ತದೆ. ದೊಡ್ಡ ಕೋಣೆ ತುಂಬಿದ ಮೇಲೆ ಆ ಕಿಸೆಗೆ ಕೈ ಹಾಕಲಿಕ್ಕೂ ಆಗುವುದಿಲ್ಲ. ಬದಿಯ ಬಲೆಕಿಸೆ ಲೆಕ್ಕಕ್ಕೆ ಬೇಡ, ಅದು ನೀರಿನ ಬಾಟಲಿಗೆ. ಕಿಸೆಗೆ ಪಟ್ಟಿ ಉಂಟು ಅಂತಾದರೆ ಒಟ್ಟು 21.

ಟೇಪಿನ ಮೇಲೆ ನಂಬಿಕೆ ಬರದಿದ್ದರೆ ತುಂಬಿಸಿ ನೋಡಿ. ಬ್ಯಾಗಿನ ಗಾತ್ರ ಅಳೆಯಲಿಕ್ಕೆ ಎಎಸ್‌ಟಿಎಂ ಎಫ್2153 ಅಂತ ಒಂದು ಮಾನದಂಡ ಉಂಟು. ಅದರಲ್ಲೂ ಮಾಡುವುದು ಇಷ್ಟೇ, ಸಣ್ಣ ಪ್ಲಾಸ್ಟಿಕ್ ಗುಂಡುಗಳನ್ನು ಬ್ಯಾಗಿಗೆ ತುಂಬಿಸಿ, ಆಮೇಲೆ ಆ ಗುಂಡುಗಳ ಗಾತ್ರ ಅಳೆಯುವುದು. ಮನೆಯಲ್ಲಿ ಗುಂಡಿನ ಬದಲು ಚರುಮುರಿಗೆ ಹಾಕುವ ಮಂಡಕ್ಕಿ ಆಗುತ್ತದೆ. ಸುಲಿದ ಅಡಿಕೆ ಗುಂಡಿನ ಗಾತ್ರಕ್ಕೆ ಹತ್ತಿರ, ನಮ್ಮ ಕಡೆ ಮನೆಯಲ್ಲೇ ಇರುತ್ತದೆ, ಆದರೆ ಭಾರಕ್ಕೆ ಬಟ್ಟೆ ಎಳೆದು ಅಳತೆ ಹೆಚ್ಚು ತೋರಿಸುತ್ತದೆ. ಬಕೆಟಿನ ಮೇಲೆ ಬರೆದ ಲೀಟರನ್ನು ನಂಬಬೇಡಿ, ಅದು ಕಂಠಮಟ್ಟಕ್ಕೋ ಗೆರೆಯ ಮಟ್ಟಕ್ಕೋ ಗೊತ್ತಾಗುವುದಿಲ್ಲ. ಒಂದು ಲೀಟರಿನ ಬಾಟಲಿಯಿಂದ ಐದು ಸಲ ನೀರು ಹೊಯ್ದು ಒಳಗೆ ಪೆನ್ನಿನಲ್ಲಿ ಗೆರೆ ಹಾಕಿ, ಒರಸಿ ಒಣಗಿಸಿ, ಆ ಗೆರೆಯವರೆಗೆ ಮಂಡಕ್ಕಿ ಅಳೆದು ಬ್ಯಾಗಿಗೆ ಸುರಿಯಿರಿ. ಬ್ಯಾಗಿನೊಳಗೆ ಮೊದಲು ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಹರಡಿ, ಇಲ್ಲದಿದ್ದರೆ ಹೊಲಿಗೆಯ ಸಂದಿಯಿಂದ ಮಂಡಕ್ಕಿ ಹೆಕ್ಕುವ ಕೆಲಸ ಬಾಕಿ ಉಳಿಯುತ್ತದೆ. ಒತ್ತಬೇಡಿ, ಒತ್ತಿದರೆ ಪುಡಿಯಾಗಿ ಲೆಕ್ಕ ಕೆಡುತ್ತದೆ. ಜಿಪ್ ಸರಾಗವಾಗಿ ಮುಚ್ಚುವಲ್ಲಿಗೆ ನಿಲ್ಲಿಸಿ. ಟೇಪಿನ ಲೆಕ್ಕಕ್ಕೂ ಇದಕ್ಕೂ ಒಂದೆರಡು ಲೀಟರ್ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ, ತುಂಬಿದಾಗ ಬಟ್ಟೆ ಉಬ್ಬುತ್ತದೆ. ಐದಾರು ಲೀಟರ್ ಬಂದರೆ ಆಳ ಅಳೆದದ್ದರಲ್ಲಿ ಎಡವಟ್ಟಾಗಿದೆ.

ಈಗ ನಿಮ್ಮ ಪ್ರಯಾಣಕ್ಕೆ ಎಷ್ಟು ಬೇಕು ಅಂತ ನೋಡುವ. ‘ಎರಡು ರಾತ್ರಿಗೆ ಇಷ್ಟು ಲೀಟರ್’ ಅಂತ ಸಿಗುವ ಪಟ್ಟಿಗಳಿಂದ ಉಪಯೋಗ ಕಡಿಮೆ. ಒಬ್ಬರ ಸ್ವೆಟರ್ ಇನ್ನೊಬ್ಬರ ಮೂರು ಅಂಗಿಯಷ್ಟಿರುತ್ತದೆ. ಅದಕ್ಕಿಂತ ದಿನಸಿ ಅಂಗಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ತನ್ನಿ. ತಳ 40 × 30 ಸೆಂ.ಮೀ. ಆದರೆ ಲೆಕ್ಕ ಸುಲಭ: ಒಳಗಿನ ಸಾಮಾನು ಒಂದು ಸೆಂ.ಮೀ. ಏರಿದರೆ 1.2 ಲೀಟರ್. ಕೊಂಡುಹೋಗುವುದನ್ನೆಲ್ಲ ಬ್ಯಾಗಿಗೆ ಮಡಚುವ ಹಾಗೆಯೇ ಮಡಚಿ ಅದರೊಳಗೆ ಜೋಡಿಸಿ: ಎರಡು ಜೊತೆ ಬಟ್ಟೆ, ಒಳಉಡುಪು, ಲುಂಗಿ, ಸ್ವೆಟರ್, ಟವೆಲ್, ಚಪ್ಪಲಿ, ಸೋಪು-ಬ್ರಶ್ಶಿನ ಚೀಲ, ಚಾರ್ಜರ್, ಬುತ್ತಿ ಡಬ್ಬ. ಶೂ ಕಾಲಲ್ಲೇ ಇರಲಿ, ಅದನ್ನು ಒಳಗೆ ತುರುಕಿದರೆ ಮೂರನೇ ಒಂದು ಪಾಲು ಬ್ಯಾಗ್ ಅದಕ್ಕೇ ಹೋಯಿತು. ಅಂಗೈಯಲ್ಲಿ ಮೆಲ್ಲ ಒತ್ತಿ, ಸ್ಕೇಲ್ ಇಳಿಸಿ ನೋಡಿ.

17 ಸೆಂ.ಮೀ. ಬಂತು ಅಂತಿಟ್ಟುಕೊಳ್ಳಿ, ಅಂದರೆ 20.4 ಲೀಟರ್. ಬ್ಯಾಗ್ 21, ಹಾಗಾದರೆ ಹಿಡಿಯಿತು ಅಂತ ಕಾಣುತ್ತದೆ, ಆದರೆ ಹಿಡಿಯುವುದಿಲ್ಲ. ಡಬ್ಬ, ಚಪ್ಪಲಿಯಂಥ ಗಟ್ಟಿ ಸಾಮಾನಿನ ಸುತ್ತ ಉರುಟು ಮೂಲೆಗಳಲ್ಲಿ ಜಾಗ ಸುಮ್ಮನೆ ಹೋಗುತ್ತದೆ, ಮತ್ತೆ ವಾಪಸು ಬರುವಾಗ ಬಟ್ಟೆಯನ್ನು ಮನೆಯಲ್ಲಿ ಮಡಚಿದಷ್ಟು ಚಂದ ಯಾರೂ ಮಡಚುವುದಿಲ್ಲ. ಬಂದ ಸಂಖ್ಯೆಯನ್ನು 0.85ರಿಂದ ಭಾಗಿಸಿ. 24 ಆಯಿತು, ನಿಮ್ಮ ಬ್ಯಾಗಿಗೆ 3 ಲೀಟರ್ ಹೆಚ್ಚು.

ಅಷ್ಟಕ್ಕೆ ಹೊಸ ಬ್ಯಾಗ್ ಕೊಳ್ಳಬೇಕಾಗಿಲ್ಲ. ಮೊದಲು ಪೆಟ್ಟಿಗೆಯಿಂದ ಟರ್ಕಿ ಟವೆಲ್ ತೆಗೆಯಿರಿ. ಮಡಚಿದ ಟವೆಲ್ 30 × 20 × 6, ಅದೊಂದೇ 3.6 ಲೀಟರ್. ಅದರ ಬದಲು ಬೈರಾಸು ಹಾಕಿದರೆ ಅರ್ಧ ಲೀಟರ್ ಸಾಕು, ರಾತ್ರಿ ಹರಡಿದರೆ ಬೆಳಿಗ್ಗೆಗೆ ಒಣಗಲೂಬಹುದು. ಒಟ್ಟು 17.3ಕ್ಕೆ ಇಳಿಯಿತು, 0.85ರಿಂದ ಭಾಗಿಸಿದರೆ 20.4; ಈಗ ಹಿಡಿಯುತ್ತದೆ, ಆದರೆ ಎಡೆಯಿಲ್ಲ. ಸ್ವೆಟರ್ ಬಸ್ಸಿನಲ್ಲಿ ಮೈಮೇಲಿದ್ದರೆ ಮತ್ತೆರಡು ಲೀಟರ್ ಉಳಿಯುತ್ತದೆ. ಬರುವಾಗಿನ ಒದ್ದೆ ಬಟ್ಟೆಗೆ, ಒಂದು ಪೊಟ್ಟಣ ಕಾಫಿಪುಡಿಗೆ ಆ ಜಾಗ ಬೇಕು.

ಮುಂದಿನ ಕಿಸೆಗೆ ಪಟ್ಟಿ ಇಲ್ಲ ಅಂತಾದರೆ ಮಾತ್ರ ಬ್ಯಾಗ್ 19ಕ್ಕೆ ನಿಲ್ಲುತ್ತದೆ. ಆಗ ಬುತ್ತಿ ಡಬ್ಬವನ್ನು ಮನೆಯಲ್ಲೇ ಬಿಟ್ಟು, ಬುತ್ತಿಯನ್ನು ಬಾಳೆಲೆಯಲ್ಲಿ ಕಟ್ಟಿಕೊಳ್ಳಿ. ತಿಂದ ಮೇಲೆ ಅದರ ಜಾಗವೂ ಖಾಲಿ. ತಡಿಯಂಡಮೋಳ್ ಹತ್ತುವ ದಿನಕ್ಕೆ ಇದೇ ಬ್ಯಾಗಿನ ಸಾಮಾನನ್ನು ರೂಮಿನಲ್ಲಿ ಸುರಿದು ನೀರು, ಬುತ್ತಿ, ಸ್ವೆಟರ್ ಮಾತ್ರ ಹಾಕಿಕೊಂಡರೆ ಅರ್ಧ ಬ್ಯಾಗೂ ತುಂಬುವುದಿಲ್ಲ. ಎರಡನೇ ಬಾಟಲಿಯನ್ನು ಅವತ್ತು ಒಳಗೆ ಬೆನ್ನಿನ ಕಡೆಗೇ ನಿಲ್ಲಿಸಿ, ಅರೆಖಾಲಿ ಬ್ಯಾಗಿನಲ್ಲಿ ಅದು ಹೊರಬದಿಗೆ ಜಾರಿದರೆ ಹತ್ತುವಾಗ ಹೆಗಲನ್ನು ಹಿಂದಕ್ಕೆ ಜಗ್ಗುತ್ತದೆ.