ಸರ್ಟಿಫಿಕೇಟಿನ 120 ಜೂಲ್ ಚಳಿಗೆ ಸಾಕೇ?

ಪ್ರಶ್ನೆ: ಸರ್, ನಮ್ಮ ಹತ್ತಿರ 20 ಮಿ.ಮೀ. ದಪ್ಪದ ಎಸ್355ಜೆಆರ್ ಪ್ಲೇಟ್ ಇದೆ. ಮಿಲ್ ಸರ್ಟಿಫಿಕೇಟಿನಲ್ಲಿ ಚಾರ್ಪಿ 120 ಜೂಲ್ ಅಂತ ಇದೆ. ಇದು ಕೆಲಸ ಮಾಡಬೇಕಿರುವುದು ಮೈನಸ್ 20 ಡಿಗ್ರಿಯಲ್ಲಿ. ಕೇಳಿರುವುದು ಬರೀ 27 ಜೂಲ್. ನಾಲ್ಕು ಪಟ್ಟು ಜಾಸ್ತಿಯೇ ಇದೆ. ಧೈರ್ಯವಾಗಿ ಬಳಸಬಹುದು ಅಲ್ವಾ?

ಬಳಸಬೇಡಿ. ಕಚ್ಚು ಹಾಕಿದ ಸಣ್ಣ ತುಂಡನ್ನು ಒಂದೇ ಏಟಿಗೆ ಒಡೆಯಲು ಎಷ್ಟು ಶಕ್ತಿ ಹಿಡಿಯಿತು ಅನ್ನುವುದೇ ಚಾರ್ಪಿ ಅಂಕಿ. ಈ ಪ್ರಶ್ನೆ ಬೇರೆ ಬೇರೆ ಅಂಕಿಗಳೊಂದಿಗೆ ನನಗೆ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ಜೂಲ್ ಎಷ್ಟು ಅಂತ ಬರೆದಿರುತ್ತಾರೆ, ಯಾವ ಉಷ್ಣತೆಯಲ್ಲಿ ಒಡೆದದ್ದು ಅಂತ ಬರೆದಿರುವುದಿಲ್ಲ. ಸರ್ಟಿಫಿಕೇಟಿನ ಅದೇ ಸಾಲಿನಲ್ಲಿ ಪಕ್ಕಕ್ಕೆ ನೋಡಿ, ಪ್ಲಸ್ 20 ಡಿಗ್ರಿ ಅಂತ ಇರುತ್ತದೆ. ಜೆಆರ್ ಅಂದರೆ ಅಷ್ಟೇ: 27 ಜೂಲ್, ಪ್ಲಸ್ 20ರಲ್ಲಿ. ಜೆ0 ಅಂದರೆ ಸೊನ್ನೆ ಡಿಗ್ರಿಯಲ್ಲಿ 27. ಜೆ2 ಅಂದರೆ ಮೈನಸ್ 20ರಲ್ಲಿ 27. ನಿಮಗೆ ಬೇಕಾಗಿದ್ದದ್ದು ಜೆ2. ನಿಮ್ಮ ಬಳಿ ಇರುವ 120 ಜೂಲ್ ಮೈನಸ್ 20ರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಯಾಕೆ ಹೇಳುವುದಿಲ್ಲ ಅನ್ನುವುದನ್ನು ಒಂದು ಸಲ ಸರಿಯಾಗಿ ಬರೆದುಬಿಡುತ್ತೇನೆ.

ಸ್ಟೀಲಿಗೆ ಒಡೆಯಲು ಎರಡು ದಾರಿಗಳಿವೆ. ಒಂದು, ಮೊದಲು ಎಳೆದುಕೊಂಡು, ಹಿಗ್ಗಿ, ಒಳಗೆ ಸಣ್ಣ ರಂಧ್ರಗಳಾಗಿ, ಅವು ಕೂಡಿಕೊಂಡು ಹರಿಯುವುದು. ಇದಕ್ಕೆ ತುಂಬ ಶಕ್ತಿ ಬೇಕು. ಇನ್ನೊಂದು, ಕಬ್ಬಿಣದ ಹರಳುಗಳು ತಮ್ಮ ಒಂದು ಸಮತಲದ ಉದ್ದಕ್ಕೂ ನೇರವಾಗಿ ಸೀಳಿಹೋಗುವುದು. ಇದಕ್ಕೆ ಶಕ್ತಿ ಬಹಳ ಕಡಿಮೆ ಸಾಕು. ಸೀಳಲು ಬೇಕಾದ ಒತ್ತಡ ಉಷ್ಣತೆಯೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಆದರೆ ಹಿಗ್ಗಲು ಬೇಕಾದ ಒತ್ತಡ, ಅಂದರೆ ಈಲ್ಡ್, ಚಳಿ ಹೆಚ್ಚಿದಂತೆ ಏರುತ್ತಾ ಹೋಗುತ್ತದೆ. ಹಿಗ್ಗುವುದು ಅಂದರೆ ಹರಳಿನೊಳಗೆ ಪರಮಾಣುಗಳ ಸಾಲು ತಪ್ಪಿದ ಗೆರೆಗಳು, ಅಂದರೆ ಡಿಸ್‌ಲೊಕೇಶನ್‌ಗಳು, ಜರುಗುವುದು. ಸಾಮಾನ್ಯ ಸ್ಟೀಲಿನಲ್ಲಿ ಅವು ಜರುಗಲು ಪರಮಾಣುಗಳ ಬಿಸಿ ಕಂಪನದ ನೆರವು ಬೇಕು. ಚಳಿಯಲ್ಲಿ ಆ ನೆರವು ಕಡಿಮೆ. ಒಂದು ಹಂತದಲ್ಲಿ ಹಿಗ್ಗುವುದಕ್ಕಿಂತ ಸೀಳುವುದೇ ಸುಲಭ ಆಗಿಬಿಡುತ್ತದೆ. ಅಲ್ಲಿಂದ ಕೆಳಗೆ ಸ್ಟೀಲ್ ಪೆಡಸು.

ನಾಚ್, ಅಂದರೆ ಲೋಹದಲ್ಲಿರುವ ಚೂಪಾದ ಕಚ್ಚು, ಇದನ್ನು ಇನ್ನಷ್ಟು ಬೇಗ ತರುತ್ತದೆ. ನಾಚಿನ ಬುಡದಲ್ಲಿ ಲೋಹ ಹಿಗ್ಗಲು ಹೊರಟರೆ ಸುತ್ತಲಿನ ಲೋಹ ಮೂರೂ ದಿಕ್ಕಿನಲ್ಲಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಅಲ್ಲಿನ ಒತ್ತಡ ಈಲ್ಡನ್ನು ದಾಟಿ ಎರಡು ಎರಡೂವರೆ ಪಟ್ಟಿನವರೆಗೂ ಏರಬಲ್ಲದು. ಸುತ್ತಿಗೆಯ ವೇಗವೂ ಚಳಿಯ ಹಾಗೆಯೇ ಕೆಲಸ ಮಾಡುತ್ತದೆ, ಹಿಗ್ಗಲು ಸಮಯ ಕೊಡುವುದಿಲ್ಲ. ಅದಕ್ಕೇ ಚಾರ್ಪಿಯಲ್ಲಿ 10 ಮಿ.ಮೀ. ಚೌಕದ, 55 ಮಿ.ಮೀ. ಉದ್ದದ ತುಂಡಿಗೆ 2 ಮಿ.ಮೀ. ಆಳದ ವಿ ನಾಚ್ ಹಾಕಿ, ಪೆಂಡುಲಂನಿಂದ ಸೆಕೆಂಡಿಗೆ 5 ಮೀಟರಿಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಹೊಡೆಯುವುದು. ನಯವಾದ ಟೆನ್ಸೈಲ್ ತುಂಡು ಅದೇ ಚಳಿಯಲ್ಲಿ ಚೆನ್ನಾಗಿ ಉದ್ದವಾಗಿ ಎಳೆದುಕೊಂಡೀತು. ಅದನ್ನು ನೋಡಿ ಸಮಾಧಾನ ಪಡಬೇಡಿ.

ಈಗ ನಿಮ್ಮ ಪ್ಲೇಟಿಗೆ ಬರೋಣ. ಬೇರೆ ಬೇರೆ ಉಷ್ಣತೆಯಲ್ಲಿ ಒಡೆದು ಗ್ರಾಫ್ ಹಾಕಿದರೆ ಮೇಲೊಂದು ಸಮತಟ್ಟು, ಕೆಳಗೊಂದು ಸಮತಟ್ಟು, ಮಧ್ಯೆ ಕಡಿದಾದ ಇಳಿಜಾರು ಬರುತ್ತದೆ. 120 ಜೂಲ್ ಮೇಲಿನ ಸಮತಟ್ಟಿನದು. ಇಳಿಜಾರು ಎಲ್ಲಿ ಶುರುವಾಗುತ್ತದೆ ಅನ್ನುವುದೇ ನಿಮಗೆ ಬೇಕಾದ ವಿಷಯ. ಮೇಲೆ ಎಷ್ಟು ಎತ್ತರ ಇದೆ ಅನ್ನುವುದರಿಂದ ಅದು ಗೊತ್ತಾಗುವುದಿಲ್ಲ. ಮೇಲೆ 200 ಜೂಲ್ ಇದ್ದು ಸೊನ್ನೆಯಲ್ಲೇ ಬಿದ್ದುಹೋಗುವ ಸ್ಟೀಲ್ ಇರಬಹುದು, ಮೇಲೆ 90 ಮಾತ್ರ ಇದ್ದು ಮೈನಸ್ 40ರವರೆಗೂ ನಿಲ್ಲುವುದೂ ಇರಬಹುದು.

ಲೆಕ್ಕಕ್ಕೆ ಒಂದು ಉದಾಹರಣೆ ಕಟ್ಟಿಕೊಳ್ಳಿ. ನಿಮ್ಮಂಥದೇ ಪ್ಲೇಟಿನಿಂದ ತುಂಡು ಕತ್ತರಿಸಿ ಮೂರು ಮೂರು ಒಡೆದಿದ್ದೀರಿ. ಪ್ಲಸ್ 20ರಲ್ಲಿ 128, 121, 111 ಬಂತು, ಸರಾಸರಿ 120. ಸೊನ್ನೆಯಲ್ಲಿ 96, 71, 103. ಮೈನಸ್ 20ರಲ್ಲಿ 62, 14, 35.

ಆ ಕೊನೆಯ ಮೂರನ್ನು ನೋಡಿ. ಸರಾಸರಿ 37. 27 ದಾಟಿದೆ, ಪಾಸ್ ಅಂತ ಕಳಿಸುವವರು ಬಹಳ ಜನ. ಅದು ತಪ್ಪು. ಸರಾಸರಿ ಬೇಕಾದಷ್ಟು ಇರಬೇಕು ಅನ್ನುವುದು ಅರ್ಧ ನಿಯಮ. ಮೂರರಲ್ಲಿ ಒಂದೇ ಒಂದು ಮಾತ್ರ 27ಕ್ಕಿಂತ ಕೆಳಗೆ ಹೋಗಬಹುದು, ಅದೂ 27ರ ಶೇಕಡಾ 70ಕ್ಕಿಂತ, ಅಂದರೆ ಸುಮಾರು 19 ಜೂಲ್‌ಗಿಂತ ಕೆಳಗೆ ಹೋಗಬಾರದು. ಇಲ್ಲಿ 14 ಬಂದಿದೆ. ಫೇಲ್.

ಆಗ ಇನ್ನೂ ಮೂರು ತುಂಡು ಒಡೆಯಲು ಅವಕಾಶ ಇದೆ. ಅವು 22, 48, 17 ಬಂದವು ಅಂದುಕೊಳ್ಳಿ. ಆರರ ಸರಾಸರಿ 33. ಈಗಲೂ ಫೇಲ್. ಯುರೋಪಿನ ನಿಯಮದ ಪ್ರಕಾರ ಆರರಲ್ಲಿ 27ಕ್ಕಿಂತ ಕಡಿಮೆ ಇರುವುದು ಎರಡಕ್ಕಿಂತ ಹೆಚ್ಚಿರಬಾರದು, ಇಲ್ಲಿ ಮೂರಿವೆ. 19ಕ್ಕಿಂತ ಕೆಳಗೆ ಒಂದೇ ಇರಬಹುದು, ಇಲ್ಲಿ ಎರಡಿವೆ. ಮೊದಲಿನ 14 ‘ಹಾಳಾದ ತುಂಡು’ ಅಂತ ಪಕ್ಕಕ್ಕಿಟ್ಟು ಹೊಸ ಮೂರನ್ನು ಮಾತ್ರ ಎಣಿಸುವುದು ಮೋಸ. ಅದಕ್ಕೆ ಬೇರೆ ಹೆಸರಿಲ್ಲ.

ಒಂದೇ ಪ್ಲೇಟು, ಒಂದೇ ಉಷ್ಣತೆ. ಒಂದು 62, ಇನ್ನೊಂದು 14. ಲ್ಯಾಬ್ ಸರಿ ಇಲ್ಲ ಅಂತ ತಕ್ಷಣ ಜಗಳಕ್ಕೆ ಹೋಗುತ್ತಾರೆ. ಇಳಿಜಾರಿನ ಮೇಲೆ ಹೀಗೆ ಚೆದುರುವುದೇ ಸಹಜ. ಸೀಳು ಶುರುವಾಗುವುದು ಒಂದು ದುರ್ಬಲ ಚುಕ್ಕೆಯಿಂದ. ಸಾಮಾನ್ಯವಾಗಿ ಅದು ಬಿರುಕು ಬಿಟ್ಟ ಒಂದು ಕಾರ್ಬೈಡ್ ಕಣ. ಅಂಥ ಕಣ ನಾಚಿನ ತೀರ ಹತ್ತಿರ ಸಿಕ್ಕಿದರೆ ಸೀಳು ಆಗಲೇ ಹೊರಟುಬಿಡುತ್ತದೆ, 14 ಜೂಲ್. ಸ್ವಲ್ಪ ದೂರದಲ್ಲಿದ್ದರೆ ಅಷ್ಟರೊಳಗೆ ಲೋಹ ಹರಿದು ಶಕ್ತಿ ಹೀರಿಕೊಂಡಿರುತ್ತದೆ, 62 ಜೂಲ್. ಎರಡೂ ನಿಜವಾದ ಅಂಕಿಗಳೇ. ನಿಮ್ಮ ರಚನೆಯಲ್ಲಿ ವೆಲ್ಡಿನ ಬುಡದ ನಾಚ್ ಒಂದು ಮೂರು ಸಲ ಪ್ರಯತ್ನಿಸಿ ಸರಾಸರಿ ತೆಗೆಯುವುದಿಲ್ಲ. ಎಲ್ಲಿ 14 ಇದೆಯೋ ಅಲ್ಲಿಂದಲೇ ಬಿರುಕು ಹೊರಡುತ್ತದೆ. ನಾನು ಸರಾಸರಿಗಿಂತ ಮೊದಲು ಕನಿಷ್ಠ ಅಂಕಿಯನ್ನು ನೋಡುವುದು ಇದಕ್ಕೇ.

ಒಡೆದ ತುಂಡುಗಳನ್ನೂ ಕೇಳಿ ಪಡೆಯಿರಿ. 62ರ ತುಂಡಿನಲ್ಲಿ ಅಂಚಿನ ಸುತ್ತ ಬೂದು ಬಣ್ಣದ, ನಾರುನಾರಾದ ಪಟ್ಟಿ ಅಗಲವಾಗಿರುತ್ತದೆ. ಸುತ್ತಿಗೆ ಬಿದ್ದ ಕಡೆ ಬದಿಗಳು ಉಬ್ಬಿರುತ್ತವೆ. 14ರ ತುಂಡು ಹೆಚ್ಚುಕಡಿಮೆ ಪೂರ್ತಿ ಚಪ್ಪಟೆ. ಬೆಳಕಿಗೆ ಹಿಡಿದು ತಿರುಗಿಸಿದರೆ ಹರಳು ಮಿನುಗುತ್ತದೆ, ಬದಿ ಉಬ್ಬಿರುವುದಿಲ್ಲ. ವರದಿಯಲ್ಲಿ 60 ಜೂಲ್ ಬರೆದು ಮುಖ ಪೂರ್ತಿ ಮಿನುಗುತ್ತಿದ್ದರೆ ಆ ವರದಿಯನ್ನು ನಂಬಬೇಡಿ.

ಹಾಗಂತ ಟೆಸ್ಟಿನಲ್ಲೇ ತಪ್ಪಾಗುವುದಿಲ್ಲ ಎಂದಲ್ಲ. ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಫಲಿತಾಂಶವನ್ನು ಚೆನ್ನಾಗಿ ಕಾಣಿಸುವ ಕಡೆಗೇ ಇದ್ದವು. ನಾಚಿನ ಬುಡದ ತ್ರಿಜ್ಯ 0.25 ಮಿ.ಮೀ. ಇರಬೇಕು. ಕತ್ತರಿಸುವ ಬ್ರೋಚ್ ಸವೆದಿದ್ದರೆ ಬುಡ ಮೊಂಡಾಗುತ್ತದೆ, ಜೂಲ್ ಏರುತ್ತದೆ. ಇದು ಕಣ್ಣಿಗೆ ಕಾಣಿಸುವುದಿಲ್ಲ, ಪ್ರೊಫೈಲ್ ಪ್ರೊಜೆಕ್ಟರಿನಲ್ಲಿ ದೊಡ್ಡದು ಮಾಡಿ ನೋಡಬೇಕು. ಇನ್ನೊಂದು ಚಳಿಯದು. ತುಂಡು ತಣ್ಣನೆಯ ದ್ರವದಲ್ಲಿ ಕನಿಷ್ಠ 5 ನಿಮಿಷ ಇರಬೇಕು, ಹೊರಗೆ ತೆಗೆದ 5 ಸೆಕೆಂಡಿನೊಳಗೆ ಹೊಡೆಯಬೇಕು. ಹಿಡಿಯುವ ಇಕ್ಕಳವೂ ಅದೇ ದ್ರವದಲ್ಲಿ ತಣ್ಣಗಾಗಿರಬೇಕು. ಬೆಚ್ಚಗಿನ ಇಕ್ಕಳ ಸರಿಯಾಗಿ ನಾಚಿನ ಹತ್ತಿರವೇ ಬಿಸಿ ಕೊಡುತ್ತದೆ. ಕಡಿದಾದ ಇಳಿಜಾರಿನ ಮೇಲೆ ನಾಲ್ಕೈದು ಡಿಗ್ರಿ ಅಂದರೆ ಹತ್ತಾರು ಜೂಲ್. ಲ್ಯಾಬಿಗೆ ಹೋದಾಗ ನಾನು ಮೆಷಿನ್ ಡಯಲ್ ನೋಡುವುದಕ್ಕಿಂತ ಮೊದಲು ಇಕ್ಕಳ ಎಲ್ಲಿದೆ ಅಂತ ನೋಡುತ್ತೇನೆ.

ಇದೆಲ್ಲ ಅತಿಯಾದ ಎಚ್ಚರಿಕೆ ಅನ್ನುವವರಿಗೆ 1943ರ ಜನವರಿ 16ನ್ನು ನೆನಪಿಸುತ್ತೇನೆ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ತೈಲ ಹಡಗು ಶಾಂತ ನೀರಿನಲ್ಲಿ ಧಕ್ಕೆಗೆ ಕಟ್ಟಿ ನಿಂತಿತ್ತು. ಗಾಳಿಯ ಉಷ್ಣತೆ ಮೈನಸ್ 3 ಡಿಗ್ರಿ ಆಸುಪಾಸು. ಅಲೆ ಇಲ್ಲ, ಡಿಕ್ಕಿ ಇಲ್ಲ, ಇದ್ದಕ್ಕಿದ್ದಂತೆ ಡೆಕ್ಕಿನಿಂದ ಕೆಳಕ್ಕೆ ಸೀಳಿ ಬಹುಪಾಲು ಎರಡು ತುಂಡಾಯಿತು. ಆ ಕಾಲದ ಹಡಗುಗಳ ಒಡೆದ ಪ್ಲೇಟುಗಳನ್ನು ಆಮೇಲೆ ಪರೀಕ್ಷಿಸಿದಾಗ ಬಿರುಕು ಹುಟ್ಟಿದ ಪ್ಲೇಟು, ಹಾದುಹೋದ ಪ್ಲೇಟು, ನಿಂತ ಪ್ಲೇಟು ಅಂತ ಬೇರೆ ಮಾಡಿದರು. ಹುಟ್ಟಿದ ಪ್ಲೇಟುಗಳ ಚಾರ್ಪಿ, ಒಡೆದ ದಿನದ ಉಷ್ಣತೆಯಲ್ಲಿ ಬಹುಪಾಲು ತೀರ ಕಡಿಮೆ ಇತ್ತು. ಸುಮಾರು 20 ಜೂಲ್ ಎಂಬ ಗೆರೆ ಅಲ್ಲಿಂದ ಬಳಕೆಗೆ ಬಂತು. ಇಂದಿನ 27 ಕೂಡ ಅದೇ ಜಾತಿಯ ಗೆರೆ. ಅನುಭವದಿಂದ ಬಂದದ್ದು, ಡಿಸೈನ್ ಲೆಕ್ಕಕ್ಕೆ ನೇರವಾಗಿ ಹಾಕುವ ಅಂಕಿ ಅಲ್ಲ.

ಹಾಗಾಗಿ ಜೆ2 ತಂದರೂ ಎಲ್ಲ ಮುಗಿಯಲಿಲ್ಲ. ಚಾರ್ಪಿ ತುಂಡು 10 ಮಿ.ಮೀ. ದಪ್ಪದ್ದು. ನಿಮ್ಮ ಪ್ಲೇಟ್ 20. ದಪ್ಪ ಹೆಚ್ಚಿದಷ್ಟೂ ಒಳಗಿನ ಹಿಡಿತ ಹೆಚ್ಚು, ಪೆಡಸಾಗುವ ಉಷ್ಣತೆ ಮೇಲಕ್ಕೆ ಸರಿಯುತ್ತದೆ. ಡಿಸೈನ್ ನಿಯಮಗಳಲ್ಲಿ ದರ್ಜೆ, ಉಷ್ಣತೆ, ಒತ್ತಡಕ್ಕೆ ತಕ್ಕಂತೆ ಗರಿಷ್ಠ ದಪ್ಪದ ಪಟ್ಟಿ ಇರುತ್ತದೆ. ಅದನ್ನು ನೋಡಿಯೇ ಆರ್ಡರ್ ಕೊಡಿ. ವೆಲ್ಡ್ ಮಾಡುವುದಿದ್ದರೆ ವೆಲ್ಡಿನ ಪಕ್ಕದ, ಬಿಸಿಗೆ ಹರಳು ದಪ್ಪವಾದ ಜಾಗದಲ್ಲೂ ನಾಚ್ ಇಟ್ಟು ಒಡೆಸಿ. ಒಳ್ಳೆಯ ಪ್ಲೇಟ್ ಹಾಳಾಗುವುದು ಹೆಚ್ಚಾಗಿ ಅಲ್ಲಿಯೇ.

ಪ್ರಶ್ನೆ: ಒಂದು ಚಳಿಗಾಲ ಹೊರಗೆ ಬಿದ್ದಿದ್ದ ಸ್ಟೀಲ್ ಶಾಶ್ವತವಾಗಿ ಪೆಡಸಾಗಿಬಿಡುತ್ತದೆಯೇ?

ಇಲ್ಲ. ಬೆಚ್ಚಗಾದರೆ ಮೊದಲಿನಂತೆಯೇ ಇರುತ್ತದೆ, ಚಳಿಯಲ್ಲಿದ್ದಾಗ ಬಿರುಕು ಬಿಡದಿದ್ದರೆ.

ಪ್ರಶ್ನೆ: ಗಡಸುತನ ಅಳೆದು ಅದರಿಂದ ಚಾರ್ಪಿ ಲೆಕ್ಕ ಹಾಕುವ ಸೂತ್ರ ಇದೆಯಂತೆ, ಕೊಡುತ್ತೀರಾ?

ಇಲ್ಲದ್ದನ್ನು ಕೊಡಲಾರೆ. ಗಡಸುತನ ಒಂದೇ ಇರುವ ಎರಡು ಪ್ಲೇಟುಗಳು ಪೆಡಸಾಗುವ ಉಷ್ಣತೆಯಲ್ಲಿ ಹತ್ತಾರು ಡಿಗ್ರಿ ಬೇರೆ ಇರಬಹುದು.

ಪ್ರಶ್ನೆ: ಕ್ರಯೋ ಟ್ರೀಟ್‌ಮೆಂಟ್ ಮಾಡಿಸಿದರೆ ಸಾಮಾನ್ಯ ಪ್ಲೇಟೂ ಚಳಿ ತಡೆಯುತ್ತದೆ ಅಂತ ಒಬ್ಬರು ಹೇಳಿದರು. ನಿಜವೇ?

ಅಂಥವರನ್ನು ಬಾಗಿಲಿಂದಲೇ ಕಳಿಸಿ. ತೀರ ತಣ್ಣಗೆ ಮಾಡುವ ಆ ವಿಧಾನ ಗಡಸು ಮಾಡಿದ ಟೂಲ್ ಸ್ಟೀಲಿನಲ್ಲಿ ಬದಲಾಗದೆ ಉಳಿದ ಆಸ್ಟೆನೈಟ್ ಎಂಬ ಹರಳಿನ ರೂಪವನ್ನು ಬದಲಾಯಿಸಲು ಇರುವುದು. ನಿಮ್ಮ ಪ್ಲೇಟಿನಲ್ಲಿ ಬದಲಾಗಲು ಅದು ಇಲ್ಲವೇ ಇಲ್ಲ. ಚಳಿ ತಡೆಯಬೇಕೆಂದರೆ ಹರಳು ಸಣ್ಣದಿರಬೇಕು, ಇಂಗಾಲ, ಗಂಧಕ, ರಂಜಕ ಕಡಿಮೆ ಇರಬೇಕು, ತೀರ ಕೆಳಗೆ ಹೋಗುವುದಿದ್ದರೆ ನಿಕ್ಕಲ್ ಬೇಕು. ಇದೆಲ್ಲ ಮಿಲ್ಲಿನಲ್ಲೇ ಆಗಬೇಕಾದ ಕೆಲಸ.

ಪ್ರಶ್ನೆ: ಸ್ಟೇನ್‌ಲೆಸ್ ಆದರೆ ಈ ತೊಂದರೆಯೇ ಇಲ್ಲ ಅಲ್ವಾ?

ಯಾವ ಸ್ಟೇನ್‌ಲೆಸ್? 304ರಂಥ ಆಸ್ಟೆನಿಟಿಕ್ ಆದರೆ ಹರಳಿನ ಜೋಡಣೆಯೇ ಬೇರೆ, ಇಂಥ ಕಡಿದಾದ ಇಳಿಜಾರು ಇಲ್ಲ, ದ್ರವ ನೈಟ್ರೋಜನ್ನಿನ ಮೈನಸ್ 196ರಲ್ಲೂ ಬಳಸುತ್ತಾರೆ. 430ರಂಥ ಫೆರಿಟಿಕ್ ಆದರೆ ನಿಮ್ಮ ಸಾಮಾನ್ಯ ಪ್ಲೇಟಿನ ಹಾಗೆಯೇ ಪೆಡಸಾಗುತ್ತದೆ.

ಪ್ರಶ್ನೆ: ಪ್ಲೇಟ್ ತೆಳು, 5 ಮಿ.ಮೀ. ತುಂಡಷ್ಟೇ ಸಿಕ್ಕಿತು. 15 ಜೂಲ್ ಬಂದಿದೆ. 27 ಬೇಕಿತ್ತು. ಫೇಲಾ?

ಅಗಲ ಅರ್ಧವಾದರೆ ಬೇಕಾದ ಜೂಲ್ ಸಾಮಾನ್ಯವಾಗಿ ಅರ್ಧ, 13.5. ಆ ಲೆಕ್ಕಕ್ಕೆ ಪಾಸ್. ಆದರೆ ತೆಳು ತುಂಡಿನಲ್ಲಿ ಹಿಡಿತ ಕಡಿಮೆ, ಅದು ಸ್ವಲ್ಪ ಹೆಚ್ಚು ಚಳಿಯಲ್ಲೂ ಹಿಗ್ಗಿ ತೋರಿಸುತ್ತದೆ. ಅದಕ್ಕೇ ಕೆಲವು ಕೋಡ್‌ಗಳು ತೆಳು ತುಂಡನ್ನು ಇನ್ನೂ ಕಡಿಮೆ ಉಷ್ಣತೆಯಲ್ಲಿ ಒಡೆಯಲು ಹೇಳುತ್ತವೆ. ನಿಮ್ಮ ಕೋಡ್ ತೆಗೆದು ಆ ಷರತ್ತು ಇದೆಯೇ ನೋಡಿ. ಇದ್ದರೆ ಈ 15ನ್ನು ಬಿಟ್ಟು, ಹೊಸ ಮೂರು ತುಂಡುಗಳನ್ನು ಆ ಉಷ್ಣತೆಯಲ್ಲಿ ಒಡೆಸಿ.