ಬೆಳಿಗ್ಗೆ ಲೋಳೆ ಕಂಡರೆ ಸಂಜೆ ಹಾಕಿಸಿ

"ನಮ್ಮ ಎಮ್ಮೆ ಕೂಗೋದೇ ಇಲ್ಲ. ಬೆಳಿಗ್ಗೆ ಲೋಳೆ ಕಂಡ್ರೆ ಆಗ್ಲೇ ಇಂಜೆಕ್ಷನ್ ಹಾಕಿಸ್ಬೇಕಾ?"

ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಆಗಲೇ ಬೇಡ, ಸಂಜೆ ಹಾಕಿಸಿ. ಎಮ್ಮೆಯಲ್ಲಿ ಮೂಕ ಬೆದೆ ಜಾಸ್ತಿ, ಕೂಗಿಗೆ ಕಾಯುತ್ತಾ ಕೂತರೆ ಬೆದೆ ಕೈತಪ್ಪುತ್ತದೆ. ಹಸುವಿನ ಹಾಗೆ ಲೋಳೆ ಉದ್ದಕ್ಕೆ ನೇತಾಡುವುದೂ ಕಡಿಮೆ. ಎಮ್ಮೆ ಮಲಗಿದ್ದಾಗ ಲೋಳೆ ಹೊರಬಂದು ನೆಲದಲ್ಲಿ ನಿಂತಿರುತ್ತದೆ. ಅದಕ್ಕೇ ರಾತ್ರಿ 10ಕ್ಕೆ, ಬೆಳಿಗ್ಗೆ 5ಕ್ಕೆ, ಸಗಣಿ ಬಾಚುವ ಮೊದಲು, ಟಾರ್ಚ್ ಹಿಡಿದು ಬಾಲದ ಹಿಂದಿನ ನೆಲ ನೋಡಿ. ಲೋಳೆ ಗಾಜಿನಂತೆ ತಿಳಿಯಾಗಿ, ಬೆರಳಲ್ಲಿ ಎಳೆದರೆ ದಾರದಂತೆ ಬರಬೇಕು. ಜೊತೆಗೆ ಯೋನಿ ಊದಿ, ಒಳಗೆ ಕೆಂಪಾಗಿದ್ದು, ಪದೇ ಪದೇ ಸ್ವಲ್ಪ ಸ್ವಲ್ಪ ಗಂಜಲ ಹಾಕುತ್ತಿದ್ದರೆ ಅದು ಬೆದೆಯೇ. ಲೋಳೆ ಬಿಳಿ, ಹಳದಿ ಅಥವಾ ಕೀವಿನಂತಿದ್ದರೆ ಹಾಕಿಸಬೇಡಿ, ಗರ್ಭಕೋಶದ ಸೋಂಕಿರಬಹುದು. ಮೊದಲು ಡಾಕ್ಟರಿಗೆ ತೋರಿಸಿ.

ಅಂಡ ಬಿಡುಗಡೆಯಾಗುವುದು ಬೆದೆ ಇಳಿದು ಸುಮಾರು 10–14 ಗಂಟೆ ಆದ ಮೇಲೆ. ತುಂಬಾ ಬೇಗ ಹಾಕಿಸಿದರೆ ಅಷ್ಟರಲ್ಲಿ ವೀರ್ಯಾಣು ಸತ್ತಿರುತ್ತವೆ. ರಾತ್ರಿ 10ಕ್ಕೆ ಏನೂ ಇರಲಿಲ್ಲ, ಬೆಳಿಗ್ಗೆ 5ಕ್ಕೆ ಲೋಳೆ ಕಂಡಿತು ಅನ್ನಿ. ಸಂಜೆ 5–6 ಸರಿಯಾದ ಹೊತ್ತು. ಸಂಜೆ ಶುರುವಾದರೆ ಮಾರನೆ ಬೆಳಿಗ್ಗೆ. ಹಾಕಿಸಿದ ಮರುದಿನವೂ ಬೆದೆ ಇಳಿಯದಿದ್ದರೆ ಇನ್ನೊಮ್ಮೆ ಹಾಕಿಸಿ. ತಾರೀಕು ಬರೆದಿಡಿ, ಗಬ್ಬ ನಿಲ್ಲದಿದ್ದರೆ ಬೆದೆ ಮತ್ತೆ ಬರುತ್ತದೆ, 19ನೇ ದಿನದಿಂದ ಮತ್ತೆ ಟಾರ್ಚ್ ಹಿಡಿಯಬೇಕು ಅಲ್ವಾ.