ಸಂದರ್ಶನಕ್ಕೆ ಕರೆದವರನ್ನು ಪ್ರಯಾಣದ ಖರ್ಚು ಕೇಳಬಹುದೇ?

ನಾನು ಮೈಸೂರಿನಲ್ಲಿ ಲೆಕ್ಕಪತ್ರ ವಿಭಾಗದ ಉದ್ಯೋಗಿ. ಚೆನ್ನೈನ ಖಾಸಗಿ ಕಂಪನಿಯೊಂದು ಎರಡು ಸುತ್ತು ವಿಡಿಯೊ ಸಂದರ್ಶನ ನಡೆಸಿ, ಮುಂದಿನ ಗುರುವಾರ ಬೆಳಿಗ್ಗೆ 11 ಗಂಟೆಗೆ ಖುದ್ದಾಗಿ ಬರಲು ಹೇಳಿದೆ. ಖರ್ಚಿನ ಪ್ರಸ್ತಾಪವೇ ಇಲ್ಲ. ರೈಲು, ರೂಮು, ಆಟೊ ಸೇರಿ 4,000 ರೂಪಾಯಿಯಾದರೂ ಬೇಕು. ಇದು ತಿಂಗಳ ಕೊನೆ. ಕೇಳಿದರೆ ಕೆಲಸವೇ ತಪ್ಪೀತು ಎನ್ನುತ್ತಾರೆ ಅಮ್ಮ. ಕೇಳಲೇ, ಬಿಡಲೇ?
— ಹೆಸರು ಬೇಡ, ಮೈಸೂರು

ಕೇಳಿ; ಆದರೆ ಟಿಕೆಟ್ ಮಾಡಿಸುವ ಮೊದಲೇ ಕೇಳಿ. ಸಾರ್ವಜನಿಕ ವಲಯದ ಅನೇಕ ಸಂಸ್ಥೆಗಳು ಯಾವ ದರ್ಜೆಯ ರೈಲು ದರ ಕೊಡುತ್ತೇವೆಂದು ಕರೆಪತ್ರದಲ್ಲೇ ತಿಳಿಸುತ್ತವೆ. ಖಾಸಗಿ ಕಂಪನಿಗಳಲ್ಲಿ ಒಂದೊಂದರದು ಒಂದೊಂದು ಪದ್ಧತಿ, ಆದ್ದರಿಂದ ಹೋಗಿಬಂದ ಮೇಲೆ ಬಿಲ್ಲು ಕಳಿಸಿದರೆ ಒಪ್ಪಬೇಕೆಂಬ ಕಟ್ಟುಪಾಡು ಅವರಿಗಿರುವುದಿಲ್ಲ.

ನಿಮ್ಮನ್ನು ಸಂದರ್ಶಿಸಿದ ಮ್ಯಾನೇಜರ್‌ಗಲ್ಲ, ದಿನಾಂಕ ತಿಳಿಸಿದ ಎಚ್‌ಆರ್ ಸಿಬ್ಬಂದಿಗೆ ಅದೇ ಮೇಲ್‌ಗೆ ಉತ್ತರವಾಗಿ ಬರೆಯಿರಿ. ಮೊದಲು ಬರುವುದನ್ನು ಖಚಿತಪಡಿಸಿ, ಆಮೇಲೆ ಕೇಳಿ: "ಗುರುವಾರ 11 ಗಂಟೆಗೆ ಹಾಜರಿರುತ್ತೇನೆ. ಮೈಸೂರಿನಿಂದ ಬರಬೇಕಾಗಿರುವುದರಿಂದ, ಹೊರಊರಿನ ಅಭ್ಯರ್ಥಿಗಳ ಪ್ರಯಾಣ ಮತ್ತು ವಸತಿಗೆ ತಮ್ಮಲ್ಲಿ ಯಾವ ಕ್ರಮವಿದೆಯೆಂದು ತಿಳಿಸಿದರೆ ಟಿಕೆಟ್ ಕಾಯ್ದಿರಿಸಲು ಅನುಕೂಲವಾಗುತ್ತದೆ." ತಿಂಗಳ ಕೊನೆಯ ತಾಪತ್ರಯವನ್ನು ಇಲ್ಲಿ ಬರೆಯಬೇಡಿ. ನೀವು ಕೇಳುತ್ತಿರುವುದು ಕ್ರಮವನ್ನು, ಸಹಾಯವನ್ನಲ್ಲ. ಎರಡು ಸುತ್ತು ದಾಟಿಸಿ ಕರೆದವರು ಇಷ್ಟಕ್ಕೇ ಕೈಬಿಡುವುದು ಅಪರೂಪ.

"ಕೊಡುತ್ತೇವೆ" ಎಂದಷ್ಟೇ ಉತ್ತರ ಬಂದರೆ ಅಲ್ಲಿಗೆ ನಿಲ್ಲಿಸಬೇಡಿ. ಯಾವ ದರ್ಜೆ, ಎಷ್ಟು ಮಿತಿ ಎಂಬುದಕ್ಕಿಂತ ಮುಖ್ಯವಾಗಿ, ಆಯ್ಕೆಯಾಗದಿದ್ದರೂ ಹಣ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಕೆಲಸಕ್ಕೆ ಸೇರಿದವರಿಗೆ ಮಾತ್ರ ಕೊಡುವ ಕಂಪನಿಗಳೂ ಇವೆ, ಆ ಷರತ್ತು ಬಿಲ್ಲು ಕೊಟ್ಟಾಗಷ್ಟೇ ಹೊರಬೀಳುತ್ತದೆ. ಸಾಧ್ಯವಾದರೆ ಟಿಕೆಟನ್ನು ಅವರೇ ಮಾಡಿಸಲಿ ಎಂದು ಕೋರಿ, ಆಗ ನಿಮ್ಮ ಕೈಯಿಂದ ಹಣ ಹೊರಡುವುದಿಲ್ಲ. ಉತ್ತರ ತಡವಾಗಿ ತತ್ಕಾಲ್ ಟಿಕೆಟ್‌ಗೆ ಹೋಗಬೇಕಾದರೆ ನೆನಪಿಡಿ: ಖಚಿತವಾದ ತತ್ಕಾಲ್ ಟಿಕೆಟ್ ರದ್ದುಮಾಡಿದರೆ ಹಣ ಮರಳುವುದಿಲ್ಲ. ಸಂದರ್ಶನ ಮುಂದೂಡಿದರೆ ಆ ನಷ್ಟ ಯಾರದೆಂದು ಬರವಣಿಗೆಯಲ್ಲಿ ಪಡೆಯಿರಿ. (ಟಿಕೆಟ್ ನಾವು ಮಾಡಿಸುತ್ತೇವೆ, ನೀವು ಮೊದಲು ಠೇವಣಿ ಕಟ್ಟಿ ಎಂದರೆ ಅದು ಕಂಪನಿಯಲ್ಲ, ವಂಚನೆ.)

ಇಲ್ಲವೆಂದರೆ ಖರ್ಚನ್ನೇ ಇಳಿಸಬೇಕು. ಬುಧವಾರ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಹೊರಟರೆ ಬೆಳಿಗ್ಗೆ ಚೆನ್ನೈ ಸೆಂಟ್ರಲ್. ನಿಲ್ದಾಣದ ಕಾಯುವ ಕೊಠಡಿಯಲ್ಲೇ ತಯಾರಾಗಿ ಹೋಗಿ, ಗುರುವಾರ ರಾತ್ರಿಯೇ ಮರಳಿದರೆ ರೂಮಿನ ಬಾಡಿಗೆ ಉಳಿಯುತ್ತದೆ. ಉಳಿದ ಸುತ್ತುಗಳಿದ್ದರೆ ಅದೇ ದಿನ ಮುಗಿಸಿಕೊಡಲು ಕೋರಿ. ಇದಕ್ಕೆ ಒಪ್ಪುವುದು ಅವರಿಗೂ ಸುಲಭ.

ಹಣ ಬರುವುದಾದರೆ ಟಿಕೆಟ್‌ಗಳ ಪ್ರತಿ, ಆಟೊ ರಸೀದಿ ಮತ್ತು ಬ್ಯಾಂಕ್ ಖಾತೆಯ ವಿವರವನ್ನು ಮರಳಿದ ವಾರದಲ್ಲೇ, ಅವರು ಒಪ್ಪಿಗೆ ಕೊಟ್ಟ ಮೇಲ್‌ಗೇ ಉತ್ತರವಾಗಿ ಕಳಿಸಿ.